ಲಲಿಲ ಸಲಗ

ಹೋದ ವರ್ಷ ಫೆಬ್ರುವರಿಯಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕು ನಲವತ್ತೊಂದಕ್ಕೆ ನನ್ನ ಫೋನು ನಾಲ್ಕು ಸಲ ಗುಂಯ್ ಅಂತು. ಜರ್ಮನಿಯಲ್ಲಿ ಚಳಿಗಾಲದಾಗ ನಾವು ಧಾರವಾಡಕ್ಕಿಂತ ನಾಲ್ಕೂವರೆ ತಾಸು ಹಿಂದೆ. ಅಂದರೆ ಊರಲ್ಲಿ ಒಂಬತ್ತೂ ಹನ್ನೊಂದು. ಅವ್ವ ಆ ಹೊತ್ತಿನಲ್ಲಿ ಎಂದೂ ಮೆಸೇಜು ಮಾಡುವವಳಲ್ಲ. ನಾನು ಮಲಗಿರುತ್ತೇನೆ ಅಂತ ಅವಳಿಗೆ ಗೊತ್ತು. ಮೇಲಾಗಿ ಅವಳು ಬರೆಯುವವಳೂ ಅಲ್ಲ. ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಯಾವಾಗಲೂ ಧ್ವನಿಯನ್ನೇ ಕಳಿಸುತ್ತಿದ್ದಳು. "ಏನಪಾ, ಉಂಡಿಯೇನು? ಥಂಡಿ ಭಾಳ ಅದ ಅಂತಲ್ಲ?" ಇಷ್ಟೇ.

ಅರೆಗಣ್ಣಿನಲ್ಲಿ ತೆಗೆದು ನೋಡಿದೆ. ಹೀಗಿತ್ತು:

```
ಲಲಿಲ ಸಲಗ
ವತುಳಿಳಹ ಓಜೀಆಏಲಿ ಓೂಹ
ಸುು ಪಆಥಗತಿತ
ೋನಲ ಧ್ಹ ಸಹುಘತಗ
```

ನಿದ್ದೆ ಹಾರಿಹೋಯಿತು. ಓದಬಲ್ಲ ಪದ ಒಂದೇ, ಸಲಗ. ಆನೆ ಎಲ್ಲಿಂದ ಬಂತು?

ಮೊದಲು ತಲೆಗೆ ಬಂದದ್ದು ಪಾರ್ಶ್ವವಾಯು. ಹಾಸ್ಟೆಲಿನ ನನ್ನ ಗೆಳೆಯ ಒಬ್ಬ ವೈದ್ಯಕೀಯ ಓದುತ್ತಾನೆ. ಹಿಂದೊಮ್ಮೆ ಅವನೇ ಹೇಳಿದ್ದ, ಮಿದುಳಿಗೆ ರಕ್ತ ನಿಂತಾಗ ಕೆಲವರ ಮಾತು ತೊದಲುವಂತೆ ಬರವಣಿಗೆಯೂ ಕಲಸಿಹೋಗುತ್ತದೆ ಅಂತ. ಅವ್ವನಿಗೆ ಅರವತ್ಮೂರು, ಬಿ.ಪಿ. ಗುಳಿಗಿ ನಡೆದಿದೆ, ಮನೆಯಲ್ಲಿ ಒಬ್ಬಳೇ. ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ.

ಮಾಳಮಡ್ಡಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಮೊಣಕಾಲೆತ್ತರದ ಗೋಡೆ. ಆ ಮನೆಯ ಕಾಕುಗೆ ಫೋನು ಮಾಡಿದೆ. "ಕಾಕು, ಈಗಿಂದೀಗ ಅವ್ವನ ಹತ್ರ ಹೋಗ್ರಿ. ನಗು ಅಂತ ಹೇಳ್ರಿ, ಬಾಯಿ ಒಂದು ಕಡೆ ಸೊಟ್ಟ ಆಗ್ತದೇನು ನೋಡ್ರಿ. ಎರಡೂ ಕೈ ಮೇಲೆ ಎತ್ತಿಸ್ರಿ, ಒಂದು ಕೆಳಗ ಜೋಲ್ತದೇನು ನೋಡ್ರಿ. ಒಂದು ಪೂರ್ತಿ ಮಾತು ಆಡಿಸ್ರಿ." ಪಾರ್ಶ್ವವಾಯುವಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಮೂರರಲ್ಲಿ ಒಂದು ತಪ್ಪಿದರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಐದು ನಿಮಿಷಕ್ಕೆ ಕಾಕು ತಾವೇ ಫೋನು ಮಾಡಿದರು. "ಎಲ್ಲಾ ಬರೋಬರಿ ಅದ. ನಗು ಅಂದ್ರ ನಕ್ಕಳು. ಕೈ ಎತ್ತು ಅಂದ್ರ, ಬೆಳಿಗ್ಗೆ ಬೆಳಿಗ್ಗೆ ಏನಿದು ಕವಾಯತು ಅಂತ ಬೈದಳು. ಆರಾಮ ಅದಾಳ, ನೀ ಮಲ್ಕೊ."

ಹಿಂದೆಯೇ ಅವ್ವನೂ ಮಾತಾಡಿದಳು. ಮಾತು ಸ್ಪಷ್ಟವಿತ್ತು. ವಿಡಿಯೋ ಹಚ್ಚು ಅಂದೆ. "ನೆಟ್ ಸರಿ ಇಲ್ಲ" ಅಂದಳು. ಹಂಗಾದ್ರ ಆ ಮೆಸೇಜು ಏನು ಅಂದೆ. ಒಂದು ಗಳಿಗೆ ಸುಮ್ಮನಾದಳು. "ಲ್ಯಾಪ್‌ಟಾಪ್ ಒರಸೂ ಮುಂದ ಕೈ ತಾಗಿರಬೇಕು ತಗೋ. ಮಲ್ಕೊ ಈಗ."

ಮಲಗಿದೆ. ಆದರೆ ನಿದ್ದೆ ಬರಲಿಲ್ಲ. ಕೈ ತಾಗಿತು ಅನ್ನುವುದು ನನಗೆ ಒಪ್ಪಿಗೆ ಆಗಲಿಲ್ಲ.

ಲ್ಯಾಪ್‌ಟಾಪಿನ ವಿಷಯ ಸ್ವಲ್ಪ ಹೇಳಬೇಕು. ನಾನು ಬರುವಾಗ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವ್ವನಿಗೆ ಬಿಟ್ಟು ಬಂದಿದ್ದೆ. ದೊಡ್ಡ ಪರದೆಯ ಮೇಲೆ ನನ್ನ ಮುಖ ಕಾಣಲಿ ಅಂತ. ಅದರಲ್ಲಿ ವಾಟ್ಸಾಪ್ ವೆಬ್ ಜೋಡಿಸಿ, ನನ್ನ ಜೊತೆಗಿನ ಚಾಟನ್ನೇ ತೆರೆದಿಟ್ಟಿದ್ದೆ. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿ ಅದನ್ನೇ ಮೊದಲ ಭಾಷೆ ಮಾಡಿದ್ದೆ. ಬಹಳ ಅನುಕೂಲ ಮಾಡಿಕೊಟ್ಟೆ ಅಂತ ಆಗ ನನಗೆ ಹೆಮ್ಮೆ. ಅದರಲ್ಲಿ ಎಂಥ ಎಡವಟ್ಟು ಮಾಡಿಟ್ಟಿದ್ದೆ ಅನ್ನುವುದು ಆ ದಿನದವರೆಗೂ ಗೊತ್ತಿರಲಿಲ್ಲ.

ಬಟ್ಟೆಯಿಂದ ಕೀಲಿಮಣೆ ಒರೆಸಿದರೆ ಏನು ಬೀಳುತ್ತದೆ? ಅಕ್ಕಪಕ್ಕದ ಕೀಲಿಗಳು ಸಾಲಾಗಿ ಬೀಳುತ್ತವೆ. ಒಂದೇ ಅಕ್ಷರ ಹತ್ತು ಸಲ ಬೀಳುತ್ತದೆ. ಪದಗಳ ನಡುವೆ ಜಾಗ ಇಷ್ಟು ಹಿಸಾಬಿನಿಂದ ಬೀಳುವುದಿಲ್ಲ. ಇಲ್ಲಿ ನಾಲ್ಕು ಸಾಲು ಇವೆ. ಸಾಲಿಗೆ ಎರಡೋ ಮೂರೋ ಪದ. ಎಲ್ಲವೂ ಮೂರು ನಿಮಿಷದೊಳಗೆ ಒಂದರ ಹಿಂದೆ ಒಂದು ಬಂದಿವೆ. ಇದನ್ನು ಯಾರೋ ಕೂತು ಬರೆದಿದ್ದಾರೆ.

ಎದ್ದು ಚಹಾಕ್ಕೆ ಇಟ್ಟೆ. ಹತ್ತು ದಿನಕ್ಕೆ ಪರೀಕ್ಷೆ ಇತ್ತು, ಓದುವುದು ಬೆಟ್ಟದಷ್ಟಿತ್ತು. ಆದರೂ ಒಂದು ನೋಟ್‌ಬುಕ್ ತೆಗೆದು ಆ ನಾಲ್ಕು ಸಾಲು ಬರೆದುಕೊಂಡೆ.

ಮೊದಲ ಅನುಮಾನ ಹಳೆಯ ನುಡಿ ಫಾಂಟಿನದು. ಅವ್ವ ನಿವೃತ್ತಿಗೆ ಮುಂಚೆ ಧಾರವಾಡದ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಮೊದಲು ಕನ್ನಡ ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್ ಬಂದಾಗ ನುಡಿ. ಹಳೆಯ ನುಡಿಯ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಅಕ್ಷರ ಕೆಡುತ್ತವೆ, ಸರಕಾರಿ ಕಾಗದ ಮೇಲ್‌ನಲ್ಲಿ ತರಿಸಿಕೊಂಡವರೆಲ್ಲ ನೋಡಿರುತ್ತಾರೆ. ಆದರೆ ಆ ಕೆಡುವಿಕೆಯ ಚಹರೆ ಬೇರೆ. 'ನನ್ನ' ಅನ್ನುವುದು `£À£Àß` ಅಂತ ಕಾಣುತ್ತದೆ. ಪೌಂಡಿನ ಗುರುತು, ತಲೆಯ ಮೇಲೆ ಗೀಟು ಇರುವ ಎ. ನನಗೆ ಬಂದದ್ದು ಅಂಥದ್ದಲ್ಲ. ಪೂರ್ತಿ ಕನ್ನಡದ್ದೇ ಅಕ್ಷರ. ಅರ್ಥ ಮಾತ್ರ ಇಲ್ಲ.

ಅರ್ಥ ಅಷ್ಟೇ ಅಲ್ಲ, ಕಾಗುಣಿತವೂ ಇರಲಿಲ್ಲ. ಕೊನೆಯ ಸಾಲು ಓತ್ವದಿಂದಲೇ ಶುರುವಾಗುತ್ತಿತ್ತು. ಅದಕ್ಕೆ ಮೊದಲು ವ್ಯಂಜನವೇ ಇಲ್ಲ. ಮೂರನೇ ಸಾಲಿನಲ್ಲಿ ಒಂದು ಸಕಾರಕ್ಕೆ ಎರಡು ಕೊಂಬು. ಎರಡನೇ ಸಾಲಿನಲ್ಲಿ ಓ ಅನ್ನುವ ಸ್ವರಕ್ಕೇ ಊ ಕಾರದ ಕೊಂಬು. ಹೀಗೆ ಅನಾಥವಾದ ಗುಣಿತದ ಗುರುತಿಗೆ ಪರದೆಯ ಮೇಲೆ ಒಂದು ಚುಕ್ಕಿಚುಕ್ಕಿಯ ಸೊನ್ನೆ ಆಸರೆ ಕೊಟ್ಟಿರುತ್ತದೆ, ಗಮನಿಸಿದ್ದೀರಾ? ಕನ್ನಡ ಬಲ್ಲವರು ಯೋಚಿಸಿ ಬರೆದರೆ ಅದು ಬರುವುದಿಲ್ಲ. ಬೆರಳು ಒಂದು ಅಕ್ಷರ ಒತ್ತುತ್ತಿದೆ, ಯಂತ್ರ ಇನ್ನೊಂದು ಮೂಡಿಸುತ್ತಿದೆ ಅನ್ನುವಾಗ ಮಾತ್ರ ಬರುತ್ತದೆ.

ಇಷ್ಟು ಹೊಳೆದ ಮೇಲೂ ಎಳೆ ಸಿಗಲು ಅರ್ಧ ತಾಸು ಹಿಡಿಯಿತು. ಸಿಕ್ಕದ್ದು ಗುಡಿಸಿನಿಂದ, ಅಂದರೆ ಇ ಕಾರದ ಗುರುತಿನಿಂದ. ಅದು ಕೂತಿರುವ ಜಾಗ ನೋಡಿ. ಲಿಲ. ಳಿಳ. ತಿತ. ಮೂರು ಕಡೆ ಅದರ ಎರಡೂ ಬದಿ ಒಂದೇ ಅಕ್ಷರ. ಕನ್ನಡದಲ್ಲಿ ಒಂದೇ ಅಕ್ಷರದ ನಡುವೆ ಸದಾ ಬಂದು ಕೂರುವುದು ಯಾವುದು? ಒತ್ತು! ಅಕ್ಕ, ಅಪ್ಪ, ನನ್ನ, ಇಲ್ಲ, ಕಣ್ಣು. ಕಂಪ್ಯೂಟರಿನಲ್ಲಿ 'ನ್ನ' ಬರೆಯುವಾಗ ನ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಮತ್ತೆ ನ ಒತ್ತಬೇಕು. ಹಾಗಾದರೆ ಅವ್ವ ಅರ್ಧಾಕ್ಷರದ ಕೀಲಿ ಒತ್ತಿದ್ದಾಳೆ, ಲ್ಯಾಪ್‌ಟಾಪು ಅಲ್ಲಿ ಗುಡಿಸು ಮೂಡಿಸಿದೆ.

ಅರ್ಧಾಕ್ಷರದ ಕೀಲಿ ಯಾವುದು ಅನ್ನುವುದು ನನಗೆ ಬಾಯಿಪಾಠ. ಸಣ್ಣವನಿದ್ದಾಗ ಶನಿವಾರ ಬೆಳಗಿನ ಶಾಲೆ ಮುಗಿಸಿ ಅವ್ವನ ಕಚೇರಿಗೆ ಹೋಗಿ ಕೂರುತ್ತಿದ್ದೆ. ಕೆಲಸ ಕಡಿಮೆ ಇದ್ದ ದಿನ ಅವಳು ನನ್ನ ಬೆರಳು ಹಿಡಿದು ನುಡಿ ಕಲಿಸುತ್ತಿದ್ದಳು. "ಒತ್ತು ಬೇಕಂದ್ರ ಎಡಗೈ ತೋರಬೆರಳು. ಅಲ್ಲೆ ಒಂದು ಗೆರಿ ಉಬ್ಬಿರ್ತದ ನೋಡು, ಅದನ್ನ ಒತ್ತು." ಆ ಉಬ್ಬಿದ ಗೆರೆಯ ಕೀಲಿ `f`. ನುಡಿಯ ಕೀಲಿಮಣೆಯನ್ನು ರೂಪಿಸಿದವರು ಕೆ.ಪಿ. ರಾವ್. ಇಂಗ್ಲಿಷಿನ ಧ್ವನಿಗೆ ಹೊಂದಿಸಿ ಮಾಡಿದ್ದು, ಹಾಗಾಗಿ ಕಲಿಯುವುದು ಸುಲಭ. `m` ಒತ್ತಿದರೆ ಮ, `g` ಒತ್ತಿದರೆ ಗ. ಕನ್ನಡದಲ್ಲಿ ಕೆಲಸವಿಲ್ಲದ `f` ಕೀಲಿಯನ್ನು ಅವರು ಒತ್ತಿಗೆ ಕೊಟ್ಟರು.

ಹಾಗಾದರೆ `f` ಒತ್ತಿದಾಗ ಗುಡಿಸು ಮೂಡಿಸುವ ಕೀಲಿಮಣೆ ಯಾವುದು?

ನನ್ನ ಈಗಿನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ಗೆ ಕನ್ನಡ ಸೇರಿಸಿ, `osk` ಅಂತ ಹೊಡೆದು ಪರದೆಯ ಮೇಲಿನ ಕೀಲಿಮಣೆ ತೆರೆದೆ. `f` ಜಾಗದಲ್ಲಿ ಗುಡಿಸು ಕೂತಿತ್ತು. ಅದು ಇನ್‌ಸ್ಕ್ರಿಪ್ಟ್. ಭಾರತದ ಬಹುತೇಕ ಲಿಪಿಗಳಿಗೆ ಒಂದೇ ಜೋಡಣೆ ಇರಲಿ ಅಂತ ಮಾಡಿದ್ದು. ಗುಣಿತದ ಗುರುತೆಲ್ಲ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ತನ್ನಷ್ಟಕ್ಕೆ ಅದು ಚೊಕ್ಕ ಜೋಡಣೆಯೇ, ಆದರೆ ನುಡಿಗೂ ಅದಕ್ಕೂ ಹೊಂದಿಕೆ ಇಲ್ಲ. ವಿಂಡೋಸ್‌ಗೆ ಕನ್ನಡ ಬೇಕು ಅಂದಾಗ ಅದು ಮೊದಲು ಕೊಟ್ಟದ್ದು ಇದನ್ನೇ. ನಾನು ಸೇರಿಸಿದ್ದೆ, ಅವ್ವನಿಗೆ ಹೇಳಿರಲಿಲ್ಲ. ಇಪ್ಪತ್ತು ವರ್ಷ ನುಡಿಯಲ್ಲಿ ಪಳಗಿದ ಬೆರಳುಗಳನ್ನು ಇನ್‌ಸ್ಕ್ರಿಪ್ಟ್ ಮೇಲೆ ಕೂರಿಸಿ ಬಂದಿದ್ದೆ.

ಇನ್ನು ಉಳಿದದ್ದು ಗುಮಾಸ್ತನ ಕೆಲಸ. ಬಂದ ಅಕ್ಷರ ಇನ್‌ಸ್ಕ್ರಿಪ್ಟ್‌ನಲ್ಲಿ ಯಾವ ಕೀಲಿಯ ಮೇಲಿದೆ ನೋಡುವುದು, ಅದೇ ಕೀಲಿಗೆ ನುಡಿಯಲ್ಲಿ ಯಾವ ಅಕ್ಷರ ಅಂತ ಬರೆಯುವುದು. ಮೊದಲ ಪದ ಲಲಿಲ. ಲ ಇರುವುದು `n` ಮೇಲೆ, ಗುಡಿಸು `f` ಮೇಲೆ. ಅಂದರೆ ಅವ್ವ ಒತ್ತಿದ್ದು `nnfn`. ನುಡಿಯಲ್ಲಿ ಅದು 'ನನ್ನ'.

ಚಹಾ ಉಕ್ಕಿ ಒಲೆಯೆಲ್ಲ ಆಗಿತ್ತು. ನೋಡಲಿಲ್ಲ.

ಎರಡನೇ ಪದ ಆ ಆನೆ. ಸ ಅನ್ನುವುದು `m`, ಲ ಅನ್ನುವುದು `n`, ಗ ಅನ್ನುವುದು `i`. `mni`. ಮನಿ. ನಾವು ಮನೆಗೆ ಮನಿ ಅನ್ನುವವರು. ನನ್ನ ಮನಿ. ಸಲಗ ಅನ್ನುವ ಪದ ಸುಮ್ನೆ ಹೊಂದಿಬಿದ್ದದ್ದು. ಅದರ ಬೆನ್ನು ಹತ್ತಿದ್ದರೆ ನಾನು ಇಂದಿಗೂ ದಾಂಡೇಲಿ ಕಾಡಿನಲ್ಲಿ ಇರುತ್ತಿದ್ದೆ.

ಎರಡನೇ ಸಾಲಿಗೆ ಕೈ ಹಾಕುವಾಗ ನಗುತ್ತಲೇ ಇದ್ದೆ. ವತುಳಿಳಹ. ವ ಅಂದರೆ `b`, ತ ಅಂದರೆ `l`, ಕೊಂಬು ಅಂದರೆ `g`. ಳ ಬರುವುದು ಶಿಫ್ಟ್ ಹಿಡಿದು ಒತ್ತಿದ `N`. ನುಡಿಯಲ್ಲಿ ದೊಡ್ಡ `N` ಅಂದರೆ ಣ. ಕೊನೆಯ ಹ ಅಂದರೆ `u`. ಪೂರ್ತಿ ಸಾಲಿನ ಕೀಲಿಗಳನ್ನು ಬರೆದುಕೊಂಡೆ:

```
blgNfNu AprESnf Atu
```

ನುಡಿ ಗೊತ್ತಿದ್ದವರಿಗೆ ಇದನ್ನು ಓದಲು ತಖ್ತೆ ಬೇಕಿಲ್ಲ. ಬಲಗಣ್ಣು ಆಪರೇಶನ್ ಆತು.

ನಗು ಅಲ್ಲಿಗೇ ನಿಂತಿತು. ಮೂರನೇ ಸಾಲನ್ನು ಆತುರದಲ್ಲಿ ಎರಡು ಸಲ ತಪ್ಪು ಬರೆದೆ. ಸಕಾರದ ಎರಡು ಕೊಂಬು ಅಂದರೆ `mgg`, ಮಗಗ. ಮುಂದಿನದು `hELilfl`. ಹೇಳಿಲ್ಲ. ನಾಲ್ಕನೆಯದು `avn Od u` ಅಂತ ಬಂತು. ನಡುವೆ ಆ ಜಾಗ ನನ್ನದೇ ತಪ್ಪು, ಅವಳದಲ್ಲ. ತಿದ್ದಿ ಬರೆದೆ: `avn Odu mugIli`. ಅವನ ಓದು ಮುಗೀಲಿ.

ನಾಲ್ಕೂ ಸಾಲು ಕೆಳಗೆ ಕೆಳಗೆ ಬರೆದು ಓದಿದೆ:

```
ನನ್ನ ಮನಿ
ಬಲಗಣ್ಣು ಆಪರೇಶನ್ ಆತು
ಮಗಗ ಹೇಳಿಲ್ಲ
ಅವನ ಓದು ಮುಗೀಲಿ
```

ಆಗ ಕಾಕುನ ಮಾತು ನೆನಪಾಯಿತು. ನಕ್ಕಳು, ಕೈ ಎತ್ತಿದಳು, ಆರಾಮ ಅದಾಳ. ಒಂದೂ ಸುಳ್ಳಲ್ಲ. ಕಣ್ಣಿನ ಬಗ್ಗೆ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೇ. ಇಬ್ಬರೂ ಸೇರಿ ಮೊದಲೇ ಮಾತಾಡಿಕೊಂಡಿದ್ದಾರೆ. ನೆಟ್ ಸರಿ ಇಲ್ಲ ಅಂದದ್ದು ಯಾಕೆ ಅನ್ನುವುದೂ ತಿಳಿಯಿತು.

ಒಂದು ಮಾತ್ರ ಬಗೆಹರಿಯಲಿಲ್ಲ. ನನಗೆ ಹೇಳಿಲ್ಲ ಅಂತ ನನಗೇ ಯಾಕೆ ಕಳಿಸಿದಳು?

ಊರಿನ ಹೊತ್ತು ಹನ್ನೊಂದೂವರೆಗೆ ಮತ್ತೆ ಫೋನು ಮಾಡಿದೆ. ಪೀಠಿಕೆ ಹಾಕಲಿಲ್ಲ.

"ಬಲಗಣ್ಣು ಹೆಂಗದ ಅವ್ವಾ?"

ಆ ಕಡೆ ಕುಕ್ಕರಿನ ಸೀಟಿ ಒಂದು ಕೇಳಿಸಿತು. ಇನ್ನೊಂದು ಕೇಳಿಸಿತು.

"ಕಾಕು ಹೇಳಿದ್ರೇನು?"

"ಕಾಕು ಹೇಳಿಲ್ಲ. ನೀನ ಬರದೀ."

"ನಾ ಎಲ್ಲಿ ಬರದೆ?"

ಓದಿ ಹೇಳಿದೆ. ನಾಲ್ಕು ಸಾಲನ್ನೂ ಓದಿದೆ. ಅವಳು ಅಯ್ಯ ಅಂದಳು. ಆಮೇಲೆ ಒಂದೊಂದೇ ಹೊರಗೆ ಬಂತು.

ಪೊರೆ ಎರಡೂ ಕಣ್ಣಿಗೆ ಬಂದು ವರ್ಷದ ಮೇಲಾಗಿತ್ತಂತೆ. ಬಲಗಣ್ಣಿನದು ಮಾಗಿತ್ತು. ದೀಪದ ಸುತ್ತ ಬಳೆ ಬಳೆ ಕಾಣುತ್ತಿತ್ತು, ಬಸ್ಸಿನ ಬೋರ್ಡು ಓದಲು ಆಗುತ್ತಿರಲಿಲ್ಲ. ಹಿಂದಿನ ದಿನ ಕಾಕುನ ಜೊತೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಪೊರೆ ತೆಗೆಸಿ ಲೆನ್ಸು ಕೂರಿಸಿಕೊಂಡು, ಸಂಜೆಗೆ ಮನೆಗೆ ಬಂದಿದ್ದಾಳೆ. "ಇಪ್ಪತ್ತು ಮಿನಿಟು ಹಿಡೀಲಿಲ್ಲಪಾ. ಅದಕ್ಕ ನಿನಗ ಹೇಳಿ, ನೀ ಪರೀಕ್ಷಾ ಬಿಟ್ಟು ಟಿಕೆಟ್ ತೆಗಸ್ಲಿಕ್ಕೆ ಕೂತು, ಯಾಕ ಬೇಕು?" ಬಲಗಣ್ಣಿಗೆ ಪಟ್ಟಿ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಗಿಸಬಾರದು. ಎಡಗಣ್ಣಿನಲ್ಲಿ ಇನ್ನೂ ಪೊರೆ. ಟೀವಿ ಇಲ್ಲ, ಪೇಪರ್ ಇಲ್ಲ.

"ಮುಂಜಾನೆ ಎದ್ದು ಏನು ಮಾಡ್ಲಿ? ಬ್ಯಾಸರಾತು. ನಿನ್ನ ಲ್ಯಾಪ್‌ಟಾಪ್ ಮುಂದ ಕೂತೆ. ಪರದಿ ಕಾಣೂದಿಲ್ಲ, ಖರೆ. ನಾವು ಟೈಪಿಂಗ್ ಕಲಿಯೂ ಮುಂದ ಪರದಿ ಎಲ್ಲಿತ್ತು? ಬೆರಳು ನೋಡಿದ್ರ ಮಾಸ್ತರು ಸ್ಕೇಲ್‌ಲೆ ಹೊಡೀತಿದ್ರು. ಕೈ ಇನ್ನೂ ಓಡ್ತಾವೇನು ನೋಡೂಣು ಅಂತ ಸುಮ್ನ ಮನಸಿಗೆ ಬಂದದ್ದು ಹೊಡದೆ. ಆಮ್ಯಾಲೆ ಕಾಕುನ್ನ ಕರದು ಅಳಸಿಸಬೇಕಂತಿದ್ದೆ."

"ಮತ್ತ ಕಳಿಸಿದ್ಯಾಕ?"

"ನಾ ಕಳಿಸೇ ಇಲ್ಲೋ! ಸಾಲು ಮುಗೀತು, ಎಂಟರ್ ಹೊಡದೆ. ಸಾಲು ಮುಗದ ಮ್ಯಾಲೆ ಎಂಟರ್ ಹೊಡೀಬೇಕಲ್ಲ?"

ಹೌದಲ್ಲ. ಟೈಪ್‌ರೈಟರ್‌ನಲ್ಲಿ ಸಾಲು ಮುಗಿದರೆ ಹಿಡಿಕೆ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ನುಡಿಯಲ್ಲಿ ಎಂಟರ್. ಆದರೆ ವಾಟ್ಸಾಪ್ ವೆಬ್‌ನಲ್ಲಿ ಎಂಟರ್ ಒತ್ತಿದರೆ ಮೆಸೇಜು ಹೋಗಿಬಿಡುತ್ತದೆ. ಹೊಸ ಸಾಲು ಬೇಕಾದರೆ ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ಇದನ್ನೂ ನಾನು ಹೇಳಿಕೊಟ್ಟಿರಲಿಲ್ಲ. ಅವಳು ನಾಲ್ಕು ಸಲ ಸಾಲು ಇಳಿಸಿದಳು, ನಾಲ್ಕು ಸಲ ನನ್ನ ತಲೆದಿಂಬಿನ ಕೆಳಗೆ ಗುಂಯ್ ಅಂತು.

ವಿಡಿಯೋ ಹಚ್ಚಿದಳು. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ, ಅದರ ಮೇಲೆ ಅಡ್ಡಡ್ಡ ಟೇಪು. ಹಣೆಗೆ ಕುಂಕುಮ ತಪ್ಪಿಸಿರಲಿಲ್ಲ. ಇನ್‌ಸ್ಕ್ರಿಪ್ಟ್ ತೆಗೆದು ನುಡಿ ಹಾಕುವುದನ್ನು ಕಾಕುನ ಮಗನಿಗೆ ಒಪ್ಪಿಸಿದೆ. ಎಡಗಣ್ಣಿನದು ಯಾವಾಗ ಅಂತ ಕೇಳಿದೆ. ಇದು ಪೂರಾ ಮಾದ ಮೇಲೆ ಡಾಕ್ಟರು ಹೇಳುತ್ತಾರಂತೆ. ಆ ತಾರೀಖು ನನಗೆ ಮೊದಲೇ ಹೇಳಬೇಕು ಅಂದೆ. ಹೂಂ ಅಂದಳು. ಆ ಹೂಂ ಮೇಲೆ ನನಗೆ ನಂಬಿಕೆ ಇಲ್ಲ.

ಫೋನು ಇಡುವ ಮುಂಚೆ ಅವಳು ಒಂದು ಸಲ ಗಂಟಲು ಸರಿಮಾಡಿಕೊಂಡಳು.

"ತಪ್ಪು ಎಷ್ಟು ಬಿದ್ದಾವು?"

"ಎಂಥ ತಪ್ಪು?"

"ನಾಲ್ಕು ಸಾಲಿನಾಗ. ತಪ್ಪು ಎಷ್ಟು?"

ನೋಟ್‌ಬುಕ್ ಎದುರಿಗೇ ಇತ್ತು. ಮತ್ತೊಮ್ಮೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿದೆ.

"ಒಂದೂ ಇಲ್ಲ ಅವ್ವಾ."

"ಕಣ್ಣು ಅನ್ನೂದ್ರಾಗ ಣ ಬರೋಬರಿ ಬಿದ್ದದೇನು? ಶಿಫ್ಟ್ ಮ್ಯಾಲೆ ಕಿರಿಬೆರಳು ಜಾರಿದಂಗಾಗಿತ್ತು."

"ಎರಡೂ ಬರೋಬರಿ ಬಿದ್ದಾವು."

"ಹಂಗಾದ್ರ ಸರಿ" ಅಂದು ಇಟ್ಟಳು.